ಒಂದು ಕ್ಲಾಕ್ ಸುತ್ತಿನೊಳಗಿನ ಸಮಯ ಅಳೆಯಲು ಯಾವ ಡಿಲೇ ಲೈನ್?

ಎರಡು ಸಿಗ್ನಲ್‌ಗಳ ನಡುವಿನ ಹೊತ್ತನ್ನು ಸಂಖ್ಯೆಯಾಗಿಸುವ ಟೈಮ್-ಟು-ಡಿಜಿಟಲ್ ಕನ್ವರ್ಟರ್, ಅಂದರೆ ಟಿಡಿಸಿ ಕಟ್ಟಲು ಹೊರಟವರು ಮೊದಲು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಎಷ್ಟು ಪಿಕೋಸೆಕೆಂಡ್ ಸಿಗುತ್ತದೆ? ನನ್ನ ಪ್ರಕಾರ ಇದನ್ನು ಮೂರನೆಯದಾಗಿ ಕೇಳಬೇಕು. ಅದಕ್ಕೆ ಮೊದಲು ಕೇಳಬೇಕಾದವು ಎರಡು. ಸಿಗ್ನಲ್ ಹಂತ ಹಂತವಾಗಿ ತಡವಾಗುತ್ತ ಸಾಗುವ ಡಿಲೇ ಲೈನಿನಲ್ಲಿ ಒಂದೊಂದು ಹಂತದ ಹೊತ್ತು ಒಂದು ಬಿನ್; ಅದರಲ್ಲಿ ಅತಿ ಅಗಲದ ಬಿನ್ ಎಷ್ಟು ಅಗಲ? ಬಿಸಿಯಾದಾಗ ಲೈನ್ ಎಷ್ಟು ಜರುಗುತ್ತದೆ? ಈ ಎರಡಕ್ಕೆ ಉತ್ತರ ಸಿಕ್ಕರೆ ಆಯ್ಕೆ ಹೆಚ್ಚುಕಡಿಮೆ ಮುಗಿದಂತೆ. ಒಂದೇ ಉದಾಹರಣೆ ಹಿಡಿದು ಕೊನೆಯವರೆಗೂ ಹೋಗೋಣ.

ಲೇಸರ್ ಪಲ್ಸ್ ಬಿಟ್ಟು, ಅದು ವಸ್ತುವಿಗೆ ಬಡಿದು ಮರಳುವ ಹೊತ್ತನ್ನು ಅಳೆದು ದೂರ ಹೇಳುವ ಉಪಕರಣ ನಮ್ಮದು. 1 ಸೆಂಟಿಮೀಟರ್‌ವರೆಗೆ ಸರಿಯಾಗಿ ಹೇಳಬೇಕು. ಬೆಳಕು ಹೋಗಿ ಬರುವುದರಿಂದ 1 ನ್ಯಾನೋಸೆಕೆಂಡ್ ಅಂದರೆ 15 ಸೆಂಟಿಮೀಟರ್ ದೂರ. ಹಾಗಾಗಿ 1 ಸೆಂಟಿಮೀಟರ್‌ಗೆ ಸುಮಾರು 67 ಪಿಕೋಸೆಕೆಂಡ್. ನಮ್ಮ ಕೈಯಲ್ಲಿರುವುದು ಝೈಲಿಂಕ್ಸ್ 7 ಸೀರೀಸ್‌ನ ಒಂದು ಎಫ್‌ಪಿಜಿಎ, ಕ್ಲಾಕ್ 400 ಮೆಗಾಹರ್ಟ್ಸ್. ಒಂದು ಸುತ್ತು 2500 ಪಿಕೋಸೆಕೆಂಡ್. ಬರೀ ಕೌಂಟರ್ ನಂಬಿದರೆ ಒಂದು ಎಣಿಕೆಗೆ 37.5 ಸೆಂಟಿಮೀಟರ್. ಏನೇನೂ ಸಾಲದು. ಕೌಂಟರ್ ಪೂರ್ತಿ ಸುತ್ತುಗಳನ್ನು ಎಣಿಸಲಿ, ಸುತ್ತಿನೊಳಗಿನ ಚೂರನ್ನು ಬೇರೆ ಏನಾದರೂ ಅಳೆಯಲಿ ಎಂಬ ಹಂಚಿಕೆ ಬರುವುದು ಇಲ್ಲಿಂದ.

ಮೊದಲು ಡಿಟೆಕ್ಟರ್‌ನ ಜಿಟರ್ ಅಳೆಯಿರಿ

ಡಿಲೇ ಲೈನ್ ಹುಡುಕುವ ಮುಂಚೆ ಇದೊಂದು ಕೆಲಸ ಮಾಡಿ. ಲೇಸರ್, ಡಿಟೆಕ್ಟರ್, ಕಂಪ್ಯಾರೇಟರ್ ಸೇರಿ ಎಷ್ಟು ಜಿಟರ್, ಅಂದರೆ ಸಿಗ್ನಲ್ ಬರುವ ಹೊತ್ತಿನಲ್ಲಿ ಏರಿಳಿತ, ಕೊಡುತ್ತಿವೆ ನೋಡಿ. ಜಿಟರ್‌ಗಳು ನೇರವಾಗಿ ಕೂಡುವುದಿಲ್ಲ, ವರ್ಗಗಳಾಗಿ ಕೂಡುತ್ತವೆ. ಈ ಮೂರೂ ಸೇರಿದ ಜಿಟರ್ 200 ಪಿಕೋಸೆಕೆಂಡ್ ಇದ್ದರೆ, 10 ಪಿಕೋಸೆಕೆಂಡಿನ ಟಿಡಿಸಿ ಹಾಕಿದರೂ ಒಟ್ಟು 200.2 ಆಗುತ್ತದೆ. ಟಿಡಿಸಿ 50 ಪಿಕೋಸೆಕೆಂಡಿನದ್ದಾಗಿದ್ದರೂ ಒಟ್ಟು 206. ಅಷ್ಟೇ ವ್ಯತ್ಯಾಸ. ಆ 6 ಪಿಕೋಸೆಕೆಂಡಿಗಾಗಿ ತಿಂಗಳುಗಟ್ಟಲೆ ಕ್ಯಾರಿ ಚೈನ್ ಜೊತೆ ಗುದ್ದಾಡುವ ಅಗತ್ಯ ಇಲ್ಲ ಅಲ್ವಾ?

ಲೈನೇ ಇಲ್ಲದ ದಾರಿ: ಹಲವು ಫೇಸ್‌ಗಳ ಕ್ಲಾಕ್

ಒಂದೇ ಕ್ಲಾಕನ್ನು 0, 90, 180, 270 ಡಿಗ್ರಿ ಸರಿಸಿ, ಬಂದ ಸಿಗ್ನಲ್ಲನ್ನು ನಾಲ್ಕು ಫ್ಲಿಪ್-ಫ್ಲಾಪ್‌ಗಳಿಂದ ಸ್ಯಾಂಪಲ್ ಮಾಡುವುದು ಎಲ್ಲಕ್ಕಿಂತ ಸುಲಭದ ದಾರಿ. 2500 ಪಿಕೋಸೆಕೆಂಡ್ 4 ಪಾಲಾಗಿ ಒಂದು ಬಿನ್ 625 ಪಿಕೋಸೆಕೆಂಡ್ ಆಗುತ್ತದೆ. ಇಲ್ಲಿ ಡಿಲೇ ಲೈನ್ ಇಲ್ಲ. ಫೇಸ್‌ಗಳನ್ನು ಪಿಎಲ್‌ಎಲ್ ಹಿಡಿದಿಟ್ಟುಕೊಳ್ಳುವುದರಿಂದ ಬಿಸಿ, ವೋಲ್ಟೇಜ್ ಯಾವುದಕ್ಕೂ ಜಾಸ್ತಿ ಅಲುಗುವುದಿಲ್ಲ. ಕ್ಯಾಲಿಬ್ರೇಶನ್ ಟೇಬಲ್ ಸಹ ಬೇಕಿಲ್ಲ.

ಒಂದು ಬಿನ್‌ನಿಂದ ಬರುವ ತಪ್ಪಿನ ಆರ್‌ಎಂಎಸ್ ಬೆಲೆ ಬಿನ್ ಅಗಲವನ್ನು 12ರ ವರ್ಗಮೂಲದಿಂದ ಭಾಗಿಸಿದಷ್ಟು. ಪಲ್ಸ್ ಹೊರಟಾಗಿನ ಸ್ಟಾರ್ಟ್, ಮರಳಿದಾಗಿನ ಸ್ಟಾಪ್ ಎರಡಕ್ಕೂ ಈ ತಪ್ಪು ಇರುವುದರಿಂದ 2ರ ವರ್ಗಮೂಲದಿಂದ ಗುಣಿಸಬೇಕು. 625ಕ್ಕೆ ಇದು 255 ಪಿಕೋಸೆಕೆಂಡ್, ದೂರದಲ್ಲಿ 3.8 ಸೆಂಟಿಮೀಟರ್. ಒಂದೇ ಪಲ್ಸಿನಲ್ಲಿ ಉತ್ತರ ಬೇಕೆಂದರೆ ನಮಗಿದು ಸಾಲದು. ಆದರೆ ವಸ್ತು ಅಲುಗಾಡದೆ ನಿಂತಿದ್ದು, 100 ಪಲ್ಸ್‌ಗಳ ಸರಾಸರಿ ತೆಗೆಯಲು ಹೊತ್ತಿದ್ದರೆ ತಪ್ಪು ಹತ್ತನೇ ಒಂದಕ್ಕೆ ಇಳಿಯುತ್ತದೆ. 3.8 ಮಿಲಿಮೀಟರ್. ನಮ್ಮ ಗುರಿಯೊಳಗೆ ಬಂತು!

ಇದಕ್ಕೊಂದು ಷರತ್ತಿದೆ. ಲೇಸರ್ ಹೊಡೆಯುವ ಹೊತ್ತಿಗೂ ಟಿಡಿಸಿ ಕ್ಲಾಕಿಗೂ ನಂಟಿರಬಾರದು. ಅದೇ ಕ್ಲಾಕಿನಿಂದ ಲೇಸರ್ ಹೊಡೆದರೆ 100 ಸಲವೂ ಸಿಗ್ನಲ್ ಅದೇ ಬಿನ್‌ಗೆ ಬೀಳುತ್ತದೆ. ಒಂದೇ ತಪ್ಪು ಸಂಖ್ಯೆಯ 100 ಪ್ರತಿಗಳ ಸರಾಸರಿ ತೆಗೆದರೆ ಸಿಗುವುದು ಅದೇ ತಪ್ಪು ಸಂಖ್ಯೆ. ಅಳತೆಗಳ ಹಿಸ್ಟೋಗ್ರಾಮಿನಲ್ಲಿ ಒಂದೇ ಕಂಬ ಕಂಡರೆ ಖುಷಿಪಡಬೇಡಿ. ಅಳತೆ ಚೆನ್ನಾಗಿದೆ ಎಂಬುದಕ್ಕಿಂತ ಈ ತೊಂದರೆ ಇದೆ ಎಂಬುದರ ಗುರುತಾಗಿರುವ ಸಾಧ್ಯತೆಯೇ ಜಾಸ್ತಿ. ಲೇಸರ್‌ಗೆ ಬೇರೆ ಕ್ರಿಸ್ಟಲ್ ಕೊಟ್ಟರೆ ಸರಿಹೋಗುತ್ತದೆ.

ಕ್ಯಾರಿ ಚೈನ್: ಹೆಚ್ಚಿನವರು ಬಂದು ನಿಲ್ಲುವ ಜಾಗ

ವಸ್ತು ಓಡಾಡುತ್ತಿದ್ದು ಒಂದೇ ಪಲ್ಸಿನಲ್ಲಿ ಉತ್ತರ ಬೇಕಾದರೆ ನಿಜವಾದ ಡಿಲೇ ಲೈನ್ ಬೇಕು. ಎಫ್‌ಪಿಜಿಎ ಒಳಗೆ ಇದಕ್ಕೆ ಬಳಸುವುದು ಕೂಡುವ ಲೆಕ್ಕಕ್ಕೆಂದು ಇಟ್ಟಿರುವ ಕ್ಯಾರಿ ಚೈನ್. 7 ಸೀರೀಸ್‌ನಲ್ಲಿ ಅದರ ಹೆಸರು `CARRY4`. ಒಂದೊಂದರಲ್ಲಿ 4 ಟ್ಯಾಪ್, ಅಂದರೆ ಸಿಗ್ನಲ್ ತಲುಪಿತೇ ಎಂದು ನೋಡಬಹುದಾದ 4 ಜಾಗ. ಸಿಗ್ನಲ್ ಚೈನಿನ ಬುಡದಲ್ಲಿ ಹೊಕ್ಕು ಮೇಲಕ್ಕೆ ಓಡುತ್ತದೆ. ಮುಂದಿನ ಕ್ಲಾಕ್ ಅಂಚು ಬಂದಾಗ ಎಲ್ಲ ಟ್ಯಾಪ್‌ಗಳ ಫ್ಲಿಪ್-ಫ್ಲಾಪ್‌ಗಳು ಒಟ್ಟಿಗೆ ಸ್ಯಾಂಪಲ್ ತೆಗೆದುಕೊಳ್ಳುತ್ತವೆ. ಸಿಗ್ನಲ್ ಎಷ್ಟು ಟ್ಯಾಪ್ ದಾಟಿದೆಯೋ ಅಷ್ಟು 1ಗಳು, ಮಿಕ್ಕಿದ್ದೆಲ್ಲ 0. ದಾಟಿದ ಟ್ಯಾಪ್ ಹೆಚ್ಚಿದ್ದಷ್ಟೂ ಸಿಗ್ನಲ್ ಕ್ಲಾಕ್ ಅಂಚಿಗಿಂತ ಮುಂಚೆ ಬಂದಿತ್ತು ಎಂದರ್ಥ.

ಲೆಕ್ಕ ಹೀಗೆ:

```
t = (N2 - N1) * T + f1 - f2
```

`T` ಒಂದು ಸುತ್ತಿನ ಹೊತ್ತು, `N1`, `N2` ಕೌಂಟರ್ ಬೆಲೆಗಳು, `f1`, `f2` ಚೈನ್ ಕೊಟ್ಟ ಚೂರುಗಳು. ಒಂದು ಟ್ಯಾಪಿಗೆ ಸರಾಸರಿ 17 ಪಿಕೋಸೆಕೆಂಡ್ ಎಂದಿಟ್ಟುಕೊಳ್ಳೋಣ. ಸ್ಟಾರ್ಟ್‌ಗೆ ಕೌಂಟರ್ 10, ಟ್ಯಾಪ್ 90. ಸ್ಟಾಪ್‌ಗೆ ಕೌಂಟರ್ 13, ಟ್ಯಾಪ್ 37. ಆಗ 3 ಸುತ್ತಿಗೆ 7500, ಅದಕ್ಕೆ 1530 ಕೂಡಿಸಿ 629 ಕಳೆದರೆ 8401 ಪಿಕೋಸೆಕೆಂಡ್. ದೂರ ಸುಮಾರು 1.26 ಮೀಟರ್.

ಚೈನ್ ಎಷ್ಟು ಉದ್ದ ಬೇಕು? 2500 ಭಾಗಿಸು 17 ಅಂದರೆ 147 ಟ್ಯಾಪ್. ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ. ಚಿಪ್ ತಣ್ಣಗಿದ್ದಾಗ ಸಿಗ್ನಲ್ ಬೇಗ ಓಡುತ್ತದೆ. ಟ್ಯಾಪಿಗೆ 14 ಪಿಕೋಸೆಕೆಂಡ್ ಆದರೆ 179 ಟ್ಯಾಪ್ ಬೇಕಾಗುತ್ತದೆ. ಚೈನ್ ಗಿಡ್ಡವಾದರೆ ಹಿಸ್ಟೋಗ್ರಾಮಿನ ಕೊನೆಯ ಕಂಬ ಮಾತ್ರ ದೈತ್ಯನಂತೆ ಎದ್ದು ನಿಲ್ಲುತ್ತದೆ, ಏಕೆಂದರೆ ತುದಿ ದಾಟಿದ ಸಿಗ್ನಲ್‌ಗಳೆಲ್ಲ ಅಲ್ಲೇ ರಾಶಿ ಬೀಳುತ್ತವೆ. ಆದ್ದರಿಂದ 190ರಷ್ಟು ಹಾಕಿ.

ನಾನು 400 ಮೆಗಾಹರ್ಟ್ಸ್ ಆರಿಸಿದ್ದೇಕೆ ಎಂಬುದೂ ಇಲ್ಲೇ ಇದೆ. 7 ಸೀರೀಸ್‌ನಲ್ಲಿ ಒಂದು ಕ್ಲಾಕ್ ರೀಜನ್ 50 ಸ್ಲೈಸ್ ಎತ್ತರ, ಸ್ಲೈಸಿಗೊಂದು `CARRY4`ನಂತೆ 200 ಟ್ಯಾಪ್. 190 ಟ್ಯಾಪ್ ಒಂದೇ ರೀಜನ್ನಿನೊಳಗೆ ಹಿಡಿಸುತ್ತವೆ. ಕ್ಲಾಕ್ 250 ಮೆಗಾಹರ್ಟ್ಸ್ ಇದ್ದಿದ್ದರೆ ಸುತ್ತು 4000 ಪಿಕೋಸೆಕೆಂಡ್, 235 ಟ್ಯಾಪ್ ಬೇಕು. ಚೈನ್ ಗಡಿ ದಾಟಲೇಬೇಕು. ಗಡಿ ದಾಟುವ ಕಡೆ ಸಿಗ್ನಲ್ ದಾರಿಯೂ ಉದ್ದ, ಎರಡು ರೀಜನ್‌ಗಳಿಗೆ ಕ್ಲಾಕ್ ತಲುಪುವ ಹೊತ್ತೂ ಬೇರೆ. ಅಲ್ಲಿ ಒಂದು ಭಾರೀ ಅಗಲದ ಬಿನ್ ಹುಟ್ಟಿಕೊಳ್ಳುತ್ತದೆ.

ಒಂದು ಅಗಲದ ಬಿನ್ ಏನು ಮಾಡುತ್ತದೆ

ಈ ಭಾಗಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಕೊಡುತ್ತೇನೆ. ಟ್ಯಾಪ್‌ಗಳು ಸಮವಾಗಿಲ್ಲದಿದ್ದರೆ ಒಟ್ಟು ತಪ್ಪಿನ ಸೂತ್ರ ಇದು:

```
sigma^2 = sum(w_i^3) / (12 * T)
```

`w_i` ಒಂದೊಂದು ಬಿನ್‌ನ ಅಗಲ, ಅದರ ಘನ ಬಂದಿರುವುದನ್ನು ಗಮನಿಸಿ. ಅಗಲದ ಬಿನ್ ಎರಡು ರೀತಿಯಲ್ಲಿ ಕಾಡುತ್ತದೆ. ಅದರೊಳಗೆ ಬಿದ್ದ ಸಿಗ್ನಲ್‌ನ ತಪ್ಪು ದೊಡ್ಡದು, ಜೊತೆಗೆ ಸಿಗ್ನಲ್ ಅದರೊಳಗೆ ಬೀಳುವುದೂ ಹೆಚ್ಚು.

ನಮ್ಮ 2500ರಲ್ಲಿ ಒಂದು ಬಿನ್ 100 ಪಿಕೋಸೆಕೆಂಡ್ ಇದೆ, ಮಿಕ್ಕ 2400 ಎಲ್ಲ 17ರ ಬಿನ್‌ಗಳು ಎಂದುಕೊಳ್ಳಿ. 17ರ ಬಿನ್‌ಗಳೆಲ್ಲ ಸೇರಿ ಕೊಡುವ ಘನಗಳ ಮೊತ್ತ 6,93,600. ಆ ಒಂದೇ ಬಿನ್ ಕೊಡುವುದು 10,00,000. ಸುಮಾರು 140 ಬಿನ್‌ಗಳು ಸೇರಿ ಮಾಡುವುದಕ್ಕಿಂತ ಹೆಚ್ಚು ಹಾಳನ್ನು ಅದೊಂದೇ ಮಾಡುತ್ತದೆ. ಒಂದು ಅಂಚಿನ ತಪ್ಪು 4.9 ಪಿಕೋಸೆಕೆಂಡಿನಿಂದ 7.5ಕ್ಕೆ ಏರುತ್ತದೆ. ಸರಾಸರಿ ಬಿನ್ ಅಗಲ ಮಾತ್ರ ನೋಡುತ್ತಿದ್ದರೆ ಇದು ಗೊತ್ತೇ ಆಗುವುದಿಲ್ಲ.

ನಮ್ಮ ಉದಾಹರಣೆಗೆ 7.5 ಸಹ ಧಾರಾಳ. ಸ್ಟಾರ್ಟ್, ಸ್ಟಾಪ್ ಸೇರಿ 10.6 ಪಿಕೋಸೆಕೆಂಡ್, ದೂರದಲ್ಲಿ 1.6 ಮಿಲಿಮೀಟರ್. ಆದರೆ ಸಿಗ್ನಲ್ ಅಗಲದ ಬಿನ್‌ಗೆ ಬಿದ್ದಾಗ ತಪ್ಪು 50 ಪಿಕೋಸೆಕೆಂಡ್‌ವರೆಗೂ ಹೋಗಬಹುದು, ಅದು 7.5 ಮಿಲಿಮೀಟರ್. ಪ್ರತಿ ಅಳತೆಯೂ 1 ಸೆಂಟಿಮೀಟರ್ ಒಳಗಿರಬೇಕು ಎಂಬ ಕರಾರಿದ್ದರೆ ಬಹುಪಾಲು ಜಾಗವನ್ನು ಆ ಒಂದು ಬಿನ್ ತಿಂದು ಹಾಕಿತು. ಸರಾಸರಿ ಬೇಕೋ, ಪ್ರತಿ ಸಲದ ಖಾತ್ರಿ ಬೇಕೋ ಎಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳಿ.

ಚೈನನ್ನು ಒಂದು ರೀಜನ್ನಿನೊಳಗೆ ಕಟ್ಟಿಹಾಕಲು ಮೊದಲ `CARRY4` ಎಲ್ಲಿ ಕೂರಬೇಕು ಎಂದು ನೀವೇ ಹೇಳಬೇಕು. `SLICE_X0Y50`ರಿಂದ ಶುರು ಮಾಡಿದರೆ `Y99`ರವರೆಗೂ ಗಡಿ ಸಿಗುವುದಿಲ್ಲ. ಟೂಲ್ ತಾನಾಗಿ ಇಡಲಿ ಎಂದು ಬಿಟ್ಟರೆ ಪ್ರತಿ ಸಲ ಕಂಪೈಲ್ ಮಾಡಿದಾಗಲೂ ಬೇರೆ ಲೈನ್ ಸಿಗಬಹುದು.

ಚೈನ್ ಒಳಗಡೆಯೂ ಟ್ಯಾಪ್‌ಗಳು ಸಮವಾಗಿರುವುದಿಲ್ಲ. `CARRY4` ಕ್ಯಾರಿಯನ್ನು ಬೇಗ ದಾಟಿಸಲೆಂದು ಮಾಡಿದ್ದು, ಹೊತ್ತು ಅಳೆಯಲೆಂದಲ್ಲ. ಕೆಲವು ಬಿನ್ ಹೆಚ್ಚುಕಡಿಮೆ ಸೊನ್ನೆ ಅಗಲ. ಕೆಲವೊಮ್ಮೆ ಮುಂದಿನ ಟ್ಯಾಪ್ ಹಿಂದಿನದಕ್ಕಿಂತ ಮೊದಲೇ 1 ಆಗುತ್ತದೆ. ಆಗ 1111 0000 ಬರಬೇಕಾದ ಕಡೆ 1110 1000 ತರಹ ಬರುತ್ತದೆ. ಇದಕ್ಕೆ ಬಬಲ್ ಎನ್ನುತ್ತಾರೆ. 1ರಿಂದ 0ಗೆ ತಿರುಗುವ ಮೊದಲ ಜಾಗ ಹುಡುಕುವ ಎನ್‌ಕೋಡರ್ ಇಲ್ಲಿ ಎಡವುತ್ತದೆ. ಸುಮ್ನೆ ಒಟ್ಟು 1ಗಳನ್ನು ಎಣಿಸಿಬಿಡಿ. ಎರಡೂ ಸಾಲಿನಲ್ಲಿ ಇರುವುದು ನಾಲ್ಕೇ 1. ಹಾಗೆ ಎಣಿಸುವ ಸರ್ಕ್ಯೂಟ್ 400 ಮೆಗಾಹರ್ಟ್ಸ್‌ನಲ್ಲಿ ಓಡಬೇಕಾದರೆ ಹಲವು ಹಂತಗಳ ಪೈಪ್‌ಲೈನ್ ಹಾಕಬೇಕಾಗುತ್ತದೆ. ಅದು ಹೊಸ ತೊಂದರೆ ಅಲ್ಲ, ಕೆಲಸ ಅಷ್ಟೇ.

ಬಿನ್ ಅಗಲ ತಿಳಿಯುವುದು ಹೇಗೆ

ಕ್ಲಾಕಿಗೆ ಸಂಬಂಧವೇ ಇಲ್ಲದ ಸಿಗ್ನಲ್‌ಗಳನ್ನು ಲಕ್ಷಗಟ್ಟಲೆ ಲೈನಿಗೆ ಕಳಿಸಿ, ಯಾವ ಬಿನ್‌ಗೆ ಎಷ್ಟು ಬಿದ್ದವು ಎಂದು ಎಣಿಸಿ. ಸಿಗ್ನಲ್ ಸುತ್ತಿನ ಎಲ್ಲ ಕಡೆಯೂ ಒಂದೇ ಸಮನೆ ಬೀಳುವುದರಿಂದ, ಬಿದ್ದ ಎಣಿಕೆ ಅಗಲಕ್ಕೆ ತಕ್ಕಂತೆ ಇರುತ್ತದೆ. `hist` ಆ ಎಣಿಕೆಗಳ ಪಟ್ಟಿ:

```python
T = 2500.0
total = sum(hist)
edge = 0.0
table = []
for n in hist:
    w = T * n / total
    table.append(edge + w / 2)
    edge += w
```

`table`ನಲ್ಲಿ ಪ್ರತಿ ಬಿನ್‌ನ ನಡು ಸಿಗುತ್ತದೆ. ಅದನ್ನೇ `f1`, `f2` ಆಗಿ ಬಳಸಿ. 10 ಲಕ್ಷ ಸಿಗ್ನಲ್ ಕಳಿಸಿದರೆ 17 ಪಿಕೋಸೆಕೆಂಡಿನ ಬಿನ್‌ಗೆ ಸುಮಾರು 6800 ಬೀಳುತ್ತವೆ. ಆ ಎಣಿಕೆಯ ಏರಿಳಿತ ಅದರ ವರ್ಗಮೂಲದಷ್ಟು, ಅಂದರೆ 82. ಅಗಲದ ತಪ್ಪು 0.2 ಪಿಕೋಸೆಕೆಂಡ್. ಸಾಕಷ್ಟಾಯಿತು.

ಸಿಗ್ನಲ್ ನಿಜಕ್ಕೂ ಕ್ಲಾಕಿನಿಂದ ಬಿಡುಗಡೆಯಾಗಿದೆಯೇ ಎಂದು ಪರೀಕ್ಷಿಸಿ. ಒಂದರ ಹಿಂದೊಂದು ಎರಡು ಸಲ ಟೇಬಲ್ ಮಾಡಿ. ಯಾವುದಾದರೂ ಬಿನ್‌ನಲ್ಲಿ ಎರಡರ ಎಣಿಕೆ ಆ 82ರ ಹಲವು ಪಟ್ಟು ಬೇರೆ ಬಂದರೆ ಸಿಗ್ನಲ್ ಎಲ್ಲೋ ಕ್ಲಾಕ್ ಜೊತೆ ಹೆಜ್ಜೆ ಹಾಕುತ್ತಿದೆ, ಇಲ್ಲವೇ ಚಿಪ್ ಇನ್ನೂ ಬಿಸಿಯಾಗುತ್ತಿದೆ.

ಅಗಲದ ಬಿನ್‌ನ ನಡು ಎಲ್ಲಿದೆ ಎಂದು ಟೇಬಲ್ ಹೇಳುತ್ತದೆ, ಆದರೆ ಅದನ್ನು ಕಿರಿದು ಮಾಡುವುದಿಲ್ಲ. ಕಿರಿದು ಮಾಡಬೇಕಾದರೆ ಅದೇ ಸಿಗ್ನಲ್ಲನ್ನು ಎರಡು ಚೈನ್‌ಗಳಿಗೆ ಕೊಟ್ಟು ಸರಾಸರಿ ತೆಗೆಯಬಹುದು. ಅಥವಾ ಒಂದು ಅಂಚಿನ ಬದಲು ಹಲವು ಅಂಚುಗಳ ಒಂದು ಅಲೆಯನ್ನೇ ಚೈನಿಗೆ ಬಿಡಬಹುದು. ಒಂದು ಅಂಚು ಅಗಲದ ಬಿನ್‌ನಲ್ಲಿದ್ದಾಗ ಇನ್ನೊಂದು ಕಿರಿದಾದ ಕಡೆ ಇರುತ್ತದೆ. ಫರ್ಮಿಲ್ಯಾಬ್‌ನ ಜಿನ್‌ಯುವಾನ್ ವು ಮತ್ತು ಝೊಂಗ್‌ಹಾನ್ ಶಿ 2008ರಲ್ಲಿ ವೇವ್ ಯೂನಿಯನ್ ಎಂದು ಹೆಸರಿಟ್ಟು ತೋರಿಸಿದ್ದು ಇದನ್ನೇ. ನನಗೆ ತುಂಬ ಇಷ್ಟವಾದ ಉಪಾಯ ಇದು. ಆದರೆ ನಮ್ಮ 67 ಪಿಕೋಸೆಕೆಂಡಿನ ಗುರಿಗೆ ಬೇಕಿಲ್ಲ.

ಬಿಸಿಯಾದಾಗ

ಟೇಬಲ್ ಮಾಡಿದ ಮೇಲೆ ಚಿಪ್ ಬಿಸಿಯಾಗಿ ಲೈನ್ 5% ನಿಧಾನವಾಯಿತು ಎಂದುಕೊಳ್ಳಿ. ಲೈನಿನ ಬುಡದ ಟ್ಯಾಪ್‌ಗಳಿಗೆ ಅದು ತಾಕುವುದೇ ಇಲ್ಲ. ತುದಿಯಲ್ಲಿ ಮಾತ್ರ 2500ರ 5%, ಅಂದರೆ 125 ಪಿಕೋಸೆಕೆಂಡ್ ತಪ್ಪು. 2 ಸೆಂಟಿಮೀಟರ್‌ಗೆ ಹತ್ತಿರ. ಬಿನ್‌ಗಳ ಅಂಕುಡೊಂಕು ಸರಿಮಾಡಲು ಪಟ್ಟ ಪಾಡೆಲ್ಲ ಇದರ ಮುಂದೆ ಸಣ್ಣದು. ವೋಲ್ಟೇಜ್ ಇಳಿದರೂ ಲೈನ್ ಹೀಗೆಯೇ ನಿಧಾನವಾಗುತ್ತದೆ.

ಅದೃಷ್ಟಕ್ಕೆ ಇದನ್ನು ಕಂಡುಹಿಡಿಯುವುದು ಸುಲಭ. ಹಿಸ್ಟೋಗ್ರಾಮಿನಲ್ಲಿ ಎಣಿಕೆ ಬಿದ್ದಿರುವ ಅತಿ ದೊಡ್ಡ ಕೋಡ್ ಯಾವುದು ನೋಡುತ್ತಿರಿ. ಟೇಬಲ್ ಮಾಡಿದ ದಿನ ಅದು 147. ಲೈನ್ 5% ನಿಧಾನವಾದಾಗ ಒಂದು ಸುತ್ತಿನಲ್ಲಿ ಸಿಗ್ನಲ್ 140 ಟ್ಯಾಪ್ ಮಾತ್ರ ಹತ್ತುತ್ತದೆ. ಆ ಸಂಖ್ಯೆ ಒಂದೆರಡು ಕದಲಿದರೆ ಹೊಸ ಟೇಬಲ್ ಮಾಡಿ. ಎರಡು ಟೇಬಲ್ ಇಟ್ಟುಕೊಂಡು, ಒಂದನ್ನು ಬಳಸುತ್ತಿರುವಾಗ ಇನ್ನೊಂದನ್ನು ತುಂಬುವುದು ಒಳ್ಳೆಯ ರೂಢಿ. ಉಪಕರಣಕ್ಕೆ ಹೊರಗಿನ ಬೆಳಕಿನಿಂದ ಸಾಕಷ್ಟು ದಿಕ್ಕುದೆಸೆಯಿಲ್ಲದ ಸಿಗ್ನಲ್ ಬರುತ್ತಿದ್ದರೆ ಅವನ್ನೇ ಕ್ಯಾಲಿಬ್ರೇಶನ್‌ಗೂ ಬಳಸಬಹುದು.

ತಾನೇ ಸರಿಮಾಡಿಕೊಳ್ಳುವ ಲೈನ್

ಸ್ವಂತ ಚಿಪ್ ಮಾಡಿಸುವವರಿಗೆ, ಅಥವಾ ಸಿದ್ಧ ಚಿಪ್ ಕೊಳ್ಳುವವರಿಗೆ ಬಿಸಿಯ ಕಾಟ ತಪ್ಪಿಸುವ ದಾರಿ ಇದೆ. ಡಿಎಲ್‌ಎಲ್‌ನಲ್ಲಿ ಲೈನಿನ ಉದ್ದವನ್ನು ಕ್ಲಾಕ್ ಸುತ್ತಿನೊಂದಿಗೆ ಹೋಲಿಸುತ್ತಲೇ ಇದ್ದು, ಎರಡೂ ಒಂದೇ ಆಗುವಂತೆ ಟ್ಯಾಪ್‌ಗಳ ವೋಲ್ಟೇಜನ್ನು ಏರಿಳಿಸುತ್ತಾರೆ. ಸೆರ್ನ್‌ನ ಎಚ್‌ಪಿಟಿಡಿಸಿ ಇದರ ಒಳ್ಳೆಯ ಮಾದರಿ. 40 ಮೆಗಾಹರ್ಟ್ಸ್ ಕ್ಲಾಕನ್ನು 320ಕ್ಕೆ ಏರಿಸಿ, ಅದರ 3125 ಪಿಕೋಸೆಕೆಂಡಿನ ಸುತ್ತನ್ನು 32 ಟ್ಯಾಪ್‌ಗಳಿಗೆ ಹಂಚುತ್ತದೆ. ಒಂದು ಬಿನ್ ಸುಮಾರು 98 ಪಿಕೋಸೆಕೆಂಡ್. ಕ್ಯಾರಿ ಚೈನಿನ 17ರ ಮುಂದೆ ಇದು ದೊಡ್ಡದು ಅನ್ನಿಸಬಹುದು. ಆದರೆ ಇದರ ಬಿನ್‌ಗಳು ಹೆಚ್ಚುಕಡಿಮೆ ಸಮ, ಬಿಸಿಯಾದರೂ 32 ಟ್ಯಾಪ್ ಸೇರಿ ಒಂದು ಸುತ್ತೇ. ಎರಡು ಅಂಚು ಸೇರಿ ತಪ್ಪು 40 ಪಿಕೋಸೆಕೆಂಡ್, 6 ಮಿಲಿಮೀಟರ್. ಸರಾಸರಿ ಲೆಕ್ಕದಲ್ಲಿ ನಮ್ಮ ಗುರಿಗೆ ಸಾಕು. ಟೇಬಲ್ ನವೀಕರಿಸದ 17ರ ಲೈನಿಗಿಂತ ನಾನು ಇದನ್ನೇ ನಂಬುತ್ತೇನೆ.

ಒಂದೇ ಚಾನೆಲ್ ಸಾಕೆನ್ನುವವರಿಗೆ TDC7200 ತರಹದ ಸಿದ್ಧ ಚಿಪ್ ಇದೆ. 55 ಪಿಕೋಸೆಕೆಂಡ್ ಬಿನ್, ತನ್ನ ಒಳಗಿನ ಹೊತ್ತನ್ನು ಹೊರಗಿನ ಕ್ಲಾಕ್ ಜೊತೆ ಹೋಲಿಸಿಕೊಳ್ಳುತ್ತದೆ. ಆದರೆ ಸ್ಟಾರ್ಟ್ ಆಗಿ 12 ನ್ಯಾನೋಸೆಕೆಂಡ್ ಒಳಗೆ ಬಂದ ಸ್ಟಾಪನ್ನು ಅದು ಅಳೆಯದು. ಅಂದರೆ 1.8 ಮೀಟರ್‌ಗಿಂತ ಹತ್ತಿರದ ವಸ್ತು ಕಾಣುವುದಿಲ್ಲ. ಮೇಲಿನ 1.26 ಮೀಟರ್ ಅಲ್ಲೇ ಬಿದ್ದುಹೋಯಿತು. ಸ್ಟಾಪ್ ಕೇಬಲನ್ನು ಉದ್ದ ಮಾಡಿ ಹೊತ್ತು ಸೇರಿಸಿದರೆ ಇದಕ್ಕೆ ಪರಿಹಾರ ಉಂಟು.

ವರ್ನಿಯರ್ ಯಾರಿಗೆ

ವರ್ನಿಯರ್‌ನಲ್ಲಿ ಲೈನ್ ಎರಡು. ಸ್ಟಾರ್ಟ್ ನಿಧಾನದ ಲೈನಿನಲ್ಲಿ, ಸ್ಟಾಪ್ ಬೇಗದ ಲೈನಿನಲ್ಲಿ ಓಡುತ್ತದೆ. ತಡವಾಗಿ ಹೊರಟ ಸ್ಟಾಪ್ ಯಾವ ಹಂತದಲ್ಲಿ ಸ್ಟಾರ್ಟನ್ನು ಹಿಡಿಯಿತು ಎಂಬುದೇ ಅಳತೆ. ಒಂದರ ಹಂತ 55, ಇನ್ನೊಂದರದ್ದು 50 ಪಿಕೋಸೆಕೆಂಡ್ ಆದರೆ ಬಿನ್ 5. ಒಂದು ಗೇಟಿನ ಡಿಲೇಗಿಂತಲೂ ಕಿರಿದು. ಇದು ಅದರ ದೊಡ್ಡ ಗುಣ.

ಬೆಲೆಯೂ ದೊಡ್ಡದೇ. 2500 ಪಿಕೋಸೆಕೆಂಡ್ ಪೂರ್ತಿ ಅಳೆಯಲು 500 ಹಂತ ಬೇಕು. ಸ್ಟಾರ್ಟ್ ತುದಿ ತಲುಪಲು 27.5 ನ್ಯಾನೋಸೆಕೆಂಡ್. ಅಷ್ಟು ಹೊತ್ತು ಓಡುವಾಗ ಪ್ರತಿ ಹಂತವೂ ತನ್ನ ಪಾಲಿನ ಜಿಟರ್ ಸೇರಿಸುತ್ತದೆ, ಹಂತಗಳ ಎಣಿಕೆಯ ವರ್ಗಮೂಲದಂತೆ ಅದು ಬೆಳೆಯುತ್ತದೆ. 500ನೇ ಹಂತ ತಲುಪುವಾಗ ಜಿಟರ್ 5 ಪಿಕೋಸೆಕೆಂಡ್ ದಾಟಿದ್ದರೆ ಬಿನ್ 5 ಇದ್ದೂ ಉಪಯೋಗ ಇಲ್ಲ. ಎಫ್‌ಪಿಜಿಎಯಲ್ಲಿ ಎರಡು ರಿಂಗ್ ಆಸಿಲೇಟರ್ ಮಾಡಿ ಹಂತ ಉಳಿಸಬಹುದು. ಆದರೆ ಆ 5ರ ವ್ಯತ್ಯಾಸ ರೌಟಿಂಗ್ ಕೈಯಲ್ಲಿರುತ್ತದೆ. ದಾರಿ ಸ್ವಲ್ಪ ಬದಲಾದರೂ 5 ಹೋಗಿ 12 ಆಗಬಹುದು, ಉಲ್ಟಾ ಆಗಲೂಬಹುದು. ಸ್ವಂತ ಚಿಪ್ ಮಾಡಿಸುತ್ತಿದ್ದು, ಅಳೆಯಬೇಕಾದ ಚೂರು ಚಿಕ್ಕದಿದ್ದು, ಸಿಗ್ನಲ್‌ಗಳ ನಡುವೆ ಬಿಡುವಿದ್ದರೆ ಮಾತ್ರ ಈ ಕಡೆ ನೋಡಿ.

ನಾನಾದರೆ

ವಸ್ತು ನಿಂತಿದ್ದು ಸರಾಸರಿಗೆ ಹೊತ್ತಿದ್ದರೆ, ಅಥವಾ ಲೇಸರ್, ಡಿಟೆಕ್ಟರ್‌ಗಳ ಜಿಟರೇ ಇನ್ನೂರು ಮುನ್ನೂರು ಪಿಕೋಸೆಕೆಂಡ್ ಇದ್ದು ಒಟ್ಟು ತಪ್ಪು ಅದರ ಒಂದೂವರೆ ಪಟ್ಟಿನಷ್ಟಾದರೂ ತಡೆದುಕೊಳ್ಳುವಂತಿದ್ದರೆ ನಾಲ್ಕು ಫೇಸ್‌ಗಳಲ್ಲೇ ಮುಗಿಸುತ್ತೇನೆ. ಓಡುವ ವಸ್ತುವಿಗೆ ಒಂದೇ ಪಲ್ಸಿನಲ್ಲಿ 1 ಸೆಂಟಿಮೀಟರ್ ಬೇಕೆಂದರೆ ಒಂದೇ ರೀಜನ್ನಿನೊಳಗಿನ ಕ್ಯಾರಿ ಚೈನ್, ಜೊತೆಗೆ ಸದಾ ಹೊಸದಾಗುತ್ತಿರುವ ಟೇಬಲ್. ಆ ಟೇಬಲನ್ನು ಹೊಸದು ಮಾಡುತ್ತಿರಲು ದಾರಿಯಿಲ್ಲದ ಉಪಕರಣವಾದರೆ ತಾನೇ ಸರಿಮಾಡಿಕೊಳ್ಳುವ ಚಿಪ್.

ಕ್ಯಾರಿ ಚೈನ್ ಆರಿಸಿದವರು ಒಂದು ಜೋಡಣೆಯನ್ನು ಮಾತ್ರ ಮರೆಯಬಾರದು. ಸಿಗ್ನಲ್ ಬಂತು, ಈಗಿನ ಕೌಂಟರ್ ಬೆಲೆ ಹಿಡಿ ಎಂದು ಹೇಳುವ ಫ್ಲಿಪ್-ಫ್ಲಾಪ್ ಚೈನಿನ ಮೊದಲ ಟ್ಯಾಪ್‌ನದ್ದೇ ಆಗಿರಬೇಕು. ಅದಕ್ಕೆಂದು ಬೇರೊಂದನ್ನು ಇಟ್ಟರೆ, ಸಿಗ್ನಲ್ ಕ್ಲಾಕ್ ಅಂಚಿಗೆ ಹತ್ತಿರ ಬಂದಾಗ ಒಂದು ಬಂತು ಎನ್ನುತ್ತದೆ, ಇನ್ನೊಂದು ಬಂದಿಲ್ಲ ಎನ್ನುತ್ತದೆ. ಆಗ ಕೌಂಟರ್ ಒಂದು ಎಣಿಕೆ ತಪ್ಪುತ್ತದೆ. ಇದನ್ನು ಪತ್ತೆ ಮಾಡಲು ಗೊತ್ತಿರುವ ಒಂದು ದೂರವನ್ನು ಸಾವಿರಾರು ಸಲ ಅಳೆಯಿರಿ. ಮುಖ್ಯ ಶಿಖರದಿಂದ ಆ ಕಡೆ ಈ ಕಡೆ ಸರಿಯಾಗಿ 2500 ಪಿಕೋಸೆಕೆಂಡ್ ದೂರದಲ್ಲಿ ಚಿಕ್ಕ ಶಿಖರಗಳು ಎದ್ದಿದ್ದರೆ ದೋಷ ಇರುವುದು ಲೈನಿನಲ್ಲಲ್ಲ, ಈ ಜೋಡಣೆಯಲ್ಲಿ.